ಭಾವನ ಮುಖಕ್ಕೆ "ಶಂಕರ್‌ನಾಗ್, 87%" ಅಂತೆ! ಈ ಆ್ಯಪ್‌ಗಳು ಅಳೆಯೋದು ಏನನ್ನು?

ತೀರ್ಥಹಳ್ಳಿ_ಹುಡುಗ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಈಗ ಒಂದೇ ಹುಚ್ಚು. ಸೆಲ್ಫಿ ಹಾಕಿದರೆ ನೀವು ಯಾವ ಸ್ಟಾರ್ ಥರ ಇದ್ದೀರಿ ಅಂತ ಹೇಳುವ ಆ್ಯಪ್. ನಮ್ಮ ಭಾವನ ಫೋಟೋಗೆ "ಶಂಕರ್‌ನಾಗ್, 87%" ಅಂತ ಬಂತು. ಭಾವ ಹಿಗ್ಗಿ ಹೀರೇಕಾಯಿಯಾದರು. ಆಮೇಲೆ ಕನ್ನಡಕ ತೆಗೆದು ಇನ್ನೊಂದು ಸೆಲ್ಫಿ ಹಾಕಿದರೆ ಅನಿಲ್ ಕಪೂರ್. ಅಂಗಳದ ಬಿಸಿಲಲ್ಲಿ ನಿಂತು ತೆಗೆದದ್ದಕ್ಕೆ ಯಾರೋ ಕೊರಿಯಾದ ಹಾಡುಗಾರ! ಮನುಷ್ಯ ಒಬ್ಬರೇ, ಮುಖವೂ ಅದೇ.

ನನ್ನ ಪ್ರಶ್ನೆ ಇಷ್ಟೇ. 87% ಅಂದರೆ ಯಾವುದರಲ್ಲಿ 87? ಮುಖ ನೋಡಿ ಲಾಕ್ ತೆಗೆಯುವ ಫೋನ್ ಭಾವನನ್ನು ಸರಿಯಾಗೇ ಗುರುತು ಹಿಡಿಯುತ್ತದೆ, ಕನ್ನಡಕ ಇದ್ದರೂ ಇಲ್ಲದಿದ್ದರೂ. ಈ ಆ್ಯಪ್ ಮಾತ್ರ ಯಾಕೆ ಹೀಗೆ ಗೊಂದಲ ಮಾಡಿಕೊಳ್ಳುತ್ತದೆ? ಎರಡರದ್ದೂ ಒಂದೇ ವಿದ್ಯೆನಾ, ಬೇರೆ ಬೇರೆನಾ?

ಅಕ್ಕಿರೊಟ್ಟಿ

ಸುಮ್ನೆ ರ‍್ಯಾಂಡಮ್ ಗುರು. ಖುಷಿಯಾಗೋ ಹೆಸರು ಕೊಟ್ಟರೆ ನೀನು ನಾಲ್ಕು ಜನಕ್ಕೆ ಕಳಿಸ್ತೀಯ. ಮುಗೀತು.

ಬೀದರ್_ಬಾದಷಾ

ಪೂರ್ತಿ ರ‍್ಯಾಂಡಮ್ ಅಲ್ಲ. ಇವೆರಡೂ ಬೇರೆ ಬೇರೆ ತಂತ್ರಜ್ಞಾನ. ಹೋಲಿಕೆ ಹೇಳುವ ಆ್ಯಪ್ ಮೂಗಿನ ಉದ್ದ, ಕಣ್ಣುಗಳ ನಡುವಿನ ದೂರ, ಗದ್ದದ ಅಗಲ ಇವನ್ನೆಲ್ಲ ಅಳೆದು ಹೋಲಿಸುತ್ತದೆ. ಫೋನ್ ಲಾಕ್, ಪೊಲೀಸರ ಕ್ಯಾಮೆರಾ ಇವುಗಳಲ್ಲಿ ಇರುವುದು ಗುರುತು ಹಿಡಿಯುವ ಬೇರೆಯದೇ ಅಲ್ಗಾರಿದಮ್. ಅದು ವ್ಯಕ್ತಿಯನ್ನೇ ಹಿಡಿಯುತ್ತದೆ.

ಕೋಡ್‌ಬಳೆ

ಬಾದಷಾ ಅವರೇ, ಅರ್ಧ ಸರಿ. ಅಳೆದು ಹೋಲಿಸುವುದು ನಿಜ. ಆದರೆ ಎರಡು ಬೇರೆ ವಿದ್ಯೆ ಅನ್ನುವುದು ಸರಿಯಲ್ಲ. ನಾನು ಈ ಕೆಲಸದಲ್ಲೇ ಇರುವವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಮೊದಲು ಫೋಟೋದಲ್ಲಿ ಮುಖ ಎಲ್ಲಿದೆ ಅಂತ ಹುಡುಕುತ್ತದೆ. ಕಣ್ಣು, ಮೂಗಿನ ತುದಿ ಇಂಥ ಕೆಲವು ಗುರುತುಗಳನ್ನು ಹಿಡಿದು ಮುಖವನ್ನು ನೆಟ್ಟಗೆ ತಿರುಗಿಸಿ ಒಂದು ಚಿಕ್ಕ ಚೌಕಕ್ಕೆ ಕತ್ತರಿಸುತ್ತದೆ. ಡಿಲಿಬ್ ಅನ್ನುವ ಪ್ರಸಿದ್ಧ ಸಾಫ್ಟ್‌ವೇರ್ ಲೈಬ್ರರಿಯಲ್ಲಿ ಆ ಚೌಕ 150 ಪಿಕ್ಸೆಲ್ ಅಗಲ, 150 ಪಿಕ್ಸೆಲ್ ಎತ್ತರ. ಆ ಚೌಕ ನರಜಾಲ ಅನ್ನುವ, ಉದಾಹರಣೆಗಳಿಂದ ಕಲಿತ ಪ್ರೋಗ್ರಾಮಿನೊಳಗೆ ಹೋಗಿ 128 ಸಂಖ್ಯೆಗಳಾಗಿ ಹೊರಗೆ ಬರುತ್ತದೆ. 2015ರಲ್ಲಿ ಗೂಗಲ್‌ನವರು ಫೇಸ್‌ನೆಟ್ ಅಂತ ಮಾಡಿದಾಗಲೂ 128 ಸಂಖ್ಯೆಗಳೇ. ಈಗಿನ ಎಷ್ಟೋ ಮಾದರಿಗಳಲ್ಲಿ 512. ಇದರಲ್ಲಿ ಇಷ್ಟನೆಯದು ಮೂಗು, ಇಷ್ಟನೆಯದು ಗದ್ದ ಅಂತ ಯಾರೂ ಬರೆದಿಟ್ಟಿಲ್ಲ. ಎರಡು ಮುಖಗಳ ಸಂಖ್ಯೆಗಳ ನಡುವೆ ಎಷ್ಟು ದೂರ ಇದೆ ಅಂತ ಲೆಕ್ಕ ಹಾಕಬಹುದು, ಅಷ್ಟೇ.

ಇಲ್ಲಿವರೆಗೂ ಫೋನು, ಆ್ಯಪು, ಪೊಲೀಸ್ ಕ್ಯಾಮೆರಾ ಎಲ್ಲ ಹೆಚ್ಚುಕಡಿಮೆ ಒಂದೇ ದಾರಿ. ಬೇರೆಯಾಗುವುದು ಇದರ ಮುಂದೆ, ಕೇಳುವ ಪ್ರಶ್ನೆಯಲ್ಲಿ. ಫೋನ್ ಕೇಳುವುದು "ಈ ದೂರ ನಾನು ಹಾಕಿಕೊಂಡ ಗೆರೆಗಿಂತ ಕಡಿಮೆ ಇದೆಯಾ?" ಅಂತ. ಇಲ್ಲ ಅಂದರೆ ಬಾಗಿಲು ತೆಗೆಯುವುದಿಲ್ಲ. ಆ್ಯಪ್ ಕೇಳುವುದು "ನನ್ನ ಪಟ್ಟಿಯಲ್ಲಿರುವ ನಟ ನಟಿಯರಲ್ಲಿ ಯಾರ ದೂರ ಎಲ್ಲಕ್ಕಿಂತ ಕಡಿಮೆ?" ಅಂತ. ಇದಕ್ಕೆ "ಯಾರೂ ಇಲ್ಲ" ಅನ್ನುವ ಉತ್ತರವೇ ಇಲ್ಲ. ಎಲ್ಲರೂ ಫೇಲಾದ ಕ್ಲಾಸಿನಲ್ಲೂ ಒಬ್ಬ ಮೊದಲನೇ ರ‍್ಯಾಂಕ್ ಇದ್ದೇ ಇರುತ್ತಾನಲ್ಲ, ಹಾಗೆ ನಿಮ್ಮ ಭಾವನಿಗೂ ಒಬ್ಬ ಸ್ಟಾರ್ ಸಿಕ್ಕೇ ಸಿಗುತ್ತಾನೆ.

ತೀರ್ಥಹಳ್ಳಿ_ಹುಡುಗ

ಓಹೋ. ಅಂದರೆ ಶಂಕರ್‌ನಾಗ್ ಮೊದಲನೇ ರ‍್ಯಾಂಕ್ ಬಂದರೂ ಪಾಸ್ ಆಗಿದ್ದಾರೋ ಇಲ್ಲವೋ ಗೊತ್ತಿಲ್ಲ. ಭಾವನಿಗೆ ಇದನ್ನು ಹೇಳುವವರು ಯಾರು?

ಫಿಲ್ಮಿ_ಮಂಜ

ಹೇಳಬೇಡಿ ಸ್ವಾಮಿ, ಪಾಪ. ಗಡ್ಡ ಬಿಟ್ಟು, ಕೂದಲು ಹಣೆ ಮೇಲೆ ಬಿಟ್ಟುಕೊಂಡರೆ ಅರ್ಧ ಶಂಕ್ರಣ್ಣ ಆದ ಹಾಗೇ.

ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್ ಬರುತ್ತಾರಲ್ಲ, ಅವರನ್ನು ಈ ಆ್ಯಪ್‌ಗೆ ಹಾಕಿದರೆ ಏನಾಗಬಹುದು? ನಮ್ಮ ಏರಿಯಾದ ಜೂನಿಯರ್ ವಿಷ್ಣು ಹತ್ತಿರದಿಂದ ನೋಡಿದರೆ ಮುಖ ಒಂಚೂರೂ ಹೋಲಲ್ಲ. ಆದರೆ ಸ್ಟೇಜ್ ಹತ್ತಿ ಆ ನಡಿಗೆ ನಡೆದು, ಕೈಯ ಕಡಗ ಒಂದು ಸಲ ತಿರುಗಿಸಿದರೆ ಸಾಕು, ಶಿಳ್ಳೆಯೋ ಶಿಳ್ಳೆ.

ಕೋಡ್‌ಬಳೆ

ಮಂಜ, ಬಹಳ ಒಳ್ಳೆ ಪ್ರಶ್ನೆ. ಜೂನಿಯರ್ ವಿಷ್ಣುಗೆ ಆ್ಯಪ್ ಬೇರೆ ಯಾರದೋ ಹೆಸರು ಹೇಳುವ ಸಾಧ್ಯತೆಯೇ ಜಾಸ್ತಿ. ಕಡಗ, ನಡಿಗೆ, ದನಿ ಇವು ಆ ಚೌಕದಲ್ಲಿ ಇಲ್ಲ. ಕತ್ತರಿಸುವಾಗ ತಲೆಗೂದಲೂ ಬಹುಪಾಲು ಹೊರಗೆ ಹೋಗುತ್ತದೆ. ನಾವು ಒಬ್ಬರನ್ನು ಇನ್ನೊಬ್ಬರ ಥರ ಅನ್ನುವಾಗ ಇವೆಲ್ಲ ಸೇರಿಯೇ ಅನ್ನುವುದು. ಯಂತ್ರಕ್ಕೆ ಹುಬ್ಬಿನಿಂದ ಗದ್ದದವರೆಗೆ ಇರುವುದಷ್ಟೇ ಪ್ರಪಂಚ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ನರಜಾಲಕ್ಕೆ ಹೋಲಿಕೆ ಏನು ಅಂತ ಯಾರೂ ಕಲಿಸಿಯೇ ಇಲ್ಲ. ಫೇಸ್‌ನೆಟ್ ತರಬೇತಿಯಲ್ಲಿ ಮೂರು ಮೂರು ಫೋಟೋ ತೋರಿಸುತ್ತಿದ್ದರು. ಎರಡು ಒಬ್ಬನದೇ, ಮೂರನೆಯದು ಬೇರೆಯವನದು. ಒಬ್ಬನದೇ ಎರಡು ಫೋಟೋ ಹತ್ತಿರ ಬರಬೇಕು, ಬೇರೆಯವನದು ದೂರ ಹೋಗಬೇಕು. ಅದರಲ್ಲೂ ತುಂಬಾ ಹೋಲುವ ಬೇರೆಯವನನ್ನೇ ಆರಿಸಿ ತೋರಿಸುತ್ತಿದ್ದರು, ಯಾಕೆಂದರೆ ಅಲ್ಲೇ ಯಂತ್ರ ಎಡವುವುದು. ಅಂದರೆ ಹೋಲುವ ಇಬ್ಬರನ್ನು ಬೇರೆ ಮಾಡು ಅಂತ ಕಲಿತ ಯಂತ್ರ ಇದು. ಆ್ಯಪ್ ಮಾಡುವವರು ಅದನ್ನೇ ತಂದು "ಯಾರು ಹೋಲುತ್ತಾರೆ ಹೇಳು" ಅಂತ ಉಲ್ಟಾ ಕೆಲಸಕ್ಕೆ ಹಚ್ಚಿದ್ದಾರೆ. ಅಷ್ಟೆಲ್ಲ ದೂರ ತಳ್ಳಿದ ಮೇಲೂ ಇಬ್ಬರ ನಡುವೆ ಉಳಿದ ಹತ್ತಿರವನ್ನು ಅದು ಹೋಲಿಕೆ ಅಂತ ತೋರಿಸುತ್ತದೆ. ಆ ಉಳಿಕೆಯಲ್ಲಿ ವಯಸ್ಸು, ಗಂಡು ಹೆಣ್ಣು, ಯಾವ ಪ್ರದೇಶದವರು ಅನ್ನುವುದೆಲ್ಲ ಸೇರಿರುತ್ತದೆ. ಮುಖ ಎತ್ತ ತಿರುಗಿದೆ, ಬೆಳಕು ಎಲ್ಲಿಂದ ಬಿದ್ದಿದೆ, ಕನ್ನಡಕ ಇದೆಯಾ ಇವೂ ಸ್ವಲ್ಪ ನುಸುಳುತ್ತವೆ.

ಅದಕ್ಕೇ ಒಂದೊಂದು ಸೆಲ್ಫಿಗೆ ಒಂದೊಂದು ಹೆಸರು. ಕೈ ಚಾಚಿ ಹತ್ತಿರದಿಂದ ತೆಗೆದರೆ ಮೂಗು ದಪ್ಪ, ಕಿವಿ ಹಿಂದೆ. ಬಿಸಿಲಲ್ಲಿ ಕಣ್ಣು ಕಿರಿದು. ಮೊದಲ ಸ್ಥಾನಕ್ಕೂ ಹತ್ತನೇ ಸ್ಥಾನಕ್ಕೂ ದೂರದಲ್ಲಿ ಕೂದಲೆಳೆಯಷ್ಟೇ ವ್ಯತ್ಯಾಸ ಇದ್ದಾಗ ಇಷ್ಟು ಸಾಕು ಪಟ್ಟಿ ಕೆಳಗೆ ಮೇಲಾಗಲು.

ರಂಗಣ್ಣ60

ನನಗೆ ಗೊತ್ತಿರುವ ಹಾಗೆ ಒಂದೇ ಥರ ಪ್ರಪಂಚದಲ್ಲಿ ಏಳು ಜನ ಇರುತ್ತಾರಂತೆ. ನನ್ನ ಫೋನನ್ನು ನನ್ನ ತಮ್ಮ ತೆಗೆದುಬಿಡುತ್ತಾನೆ. ಅವನ ಫೋನ್ ನನಗೆ ತೆಗೆಯಲ್ಲ. ಇದಕ್ಕೆ ಏನು ಮಾಡಬೇಕು? ಸರ್ವೀಸ್ ಸೆಂಟರ್‌ಗೆ ಕೊಡಬೇಕಾ?

ಸುಮಾ_ಹಾಸನ

ರಂಗಣ್ಣ ಮಾವ, ಪ್ರಶ್ನೆ ಅದಲ್ಲ 😄 ಆದರೂ ಹೇಳ್ತೀನಿ. ಕೆಲವು ಫೋನ್‌ಗಳು ಬರೀ ಸೆಲ್ಫಿ ಕ್ಯಾಮೆರಾದಿಂದ ನೋಡುತ್ತವೆ, ಅವು ಸುಲಭವಾಗಿ ಮೋಸ ಹೋಗುತ್ತವೆ. ಪಿನ್ ಹಾಕಿ, ನೆಮ್ಮದಿಯಾಗಿರಿ.

ಕೋಡ್‌ಬಳೆ

ಸುಮಾ ಮೇಡಂ ಹೇಳಿದ್ದು ಸರಿ. ಐಫೋನಿನ ಫೇಸ್ ಐಡಿ ಮುಖದ ಮೇಲೆ ಕಣ್ಣಿಗೆ ಕಾಣದ 30,000ಕ್ಕೂ ಹೆಚ್ಚು ಚುಕ್ಕಿಗಳನ್ನು ಎರಚಿ ಉಬ್ಬುತಗ್ಗು ನೋಡುತ್ತದೆ. ಯಾರೋ ಅಪರಿಚಿತನ ಮುಖಕ್ಕೆ ತೆರೆದುಕೊಳ್ಳುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಅಂತ ಆ್ಯಪಲ್ ಹೇಳುತ್ತದೆ. ಆದರೆ ಅವಳಿ, ಹೋಲುವ ಅಣ್ಣತಮ್ಮ, 13 ವರ್ಷದ ಒಳಗಿನ ಮಕ್ಕಳು ಇವರಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ ಅಂತಲೂ ಅವರೇ ಬರೆದಿದ್ದಾರೆ. ಹಾಗಾಗಿ ರಂಗಣ್ಣನವರ ತಮ್ಮ ನಿಯಮಕ್ಕೆ ಹೊರತೇನಲ್ಲ.

ಸಂಶಯ_ಶರ್ಮ

ಸ್ವಲ್ಪ ತಡೆಯಿರಿ. ಕೋಡ್‌ಬಳೆ ಅವರೇ, ನೀವೇ ಹೇಳುವ ಪ್ರಕಾರ ಫೋನ್ ಅಳೆಯುವುದೂ ದೂರವನ್ನೇ. ಅಂದಮೇಲೆ "ಆ್ಯಪ್ ಅಳೆಯುವುದು ಹೋಲಿಕೆ, ಫೋನ್ ಅಳೆಯುವುದು ಗುರುತು" ಅನ್ನುವ ಮಾತೇ ಬಿದ್ದುಹೋಯಿತು. ಎರಡೂ ಹೋಲಿಕೆಯೇ. ಗುರುತು ಅನ್ನುವುದನ್ನು ಯಾವ ಯಂತ್ರವೂ ಅಳೆಯುವುದಿಲ್ಲ.

ಕೋಡ್‌ಬಳೆ

ಒಪ್ಪಿದೆ ಶರ್ಮರೇ, ಮುಕ್ಕಾಲು ಪಾಲು. ಅಳತೆ ಒಂದೇ. ಗುರುತು ಅನ್ನುವುದು ಆ ಅಳತೆಯ ಮೇಲೆ ಮನುಷ್ಯರು ಹಾಕುವ ತೀರ್ಪು. ಆದರೆ ತೀರ್ಪಿಗೆ ಬೆನ್ನೆಲುಬು ಬೇಡವಾ? ಫೋನ್ ತಯಾರಿಸುವವರು ಒಬ್ಬರದೇ ಬೇರೆ ಬೇರೆ ಫೋಟೋಗಳ ದೂರ ಎಷ್ಟಿರುತ್ತದೆ, ಬೇರೆ ಬೇರೆ ಜನರ ದೂರ ಎಷ್ಟಿರುತ್ತದೆ ಅಂತ ರಾಶಿ ರಾಶಿ ಪರೀಕ್ಷೆ ಮಾಡಿ, ತಪ್ಪು ಎಷ್ಟು ಆಗಬಹುದು ಅಂತ ನೋಡಿ ಗೆರೆ ಎಳೆಯುತ್ತಾರೆ. ಸ್ಟಾರ್ ಆ್ಯಪ್ ಮಾಡುವವನಿಗೆ ಆ ಪರೀಕ್ಷೆಯೇ ಬೇಕಿಲ್ಲ. ತಪ್ಪು ಉತ್ತರ ಅನ್ನುವುದೇ ಇಲ್ಲದ ಆಟ ಅದು.

ಬೀದರ್_ಬಾದಷಾ

ಹಾಗಿದ್ದರೆ ಆ 87%? ಅದು ಸುಳ್ಳೇನು? ಒಂದು ಲೆಕ್ಕ ಇಲ್ಲದೆ ಬರಲ್ಲ ಅಲ್ವಾ.

ಡಬ್ಲಿನ್_ಕನ್ನಡತಿ

ಇದನ್ನು ನಾನು ಮನೆಯಲ್ಲೇ ಮಾಡಿ ನೋಡಿದ್ದೇನೆ, ಹೇಳುತ್ತೇನೆ. ಪೈಥಾನ್ ಗೊತ್ತಿರುವ ಯಾರು ಬೇಕಾದರೂ ಮಾಡಬಹುದು. ಡಿಲಿಬ್ ಮೇಲೆ ಕಟ್ಟಿದ `face_recognition` ಅಂತ ಒಂದು ಉಚಿತ ಲೈಬ್ರರಿ ಇದೆ.

```python
import face_recognition as fr
a = fr.load_image_file("nanu.jpg")
b = fr.load_image_file("nati.jpg")
ea = fr.face_encodings(a)[0]
eb = fr.face_encodings(b)[0]
print(fr.face_distance([ea], eb))
```

ಸೊನ್ನೆ ಬಂದರೆ ಎರಡೂ ಒಂದೇ ಚಿತ್ರ. ಸಂಖ್ಯೆ ಹೆಚ್ಚಿದಷ್ಟೂ ಮುಖಗಳು ದೂರ. ಲೈಬ್ರರಿಯವರು ಹಾಕಿಟ್ಟ ಗೆರೆ 0.6. ಅದಕ್ಕಿಂತ ಕಡಿಮೆ ಬಂದರೆ ಒಬ್ಬರೇ ಅಂತ ತಿಳಿದುಕೊಳ್ಳುತ್ತದೆ.

ನನ್ನದೇ ಎರಡು ಈಚಿನ ಫೋಟೋ ಹಾಕಿದೆ: 0.36. ಹತ್ತಿರ ಅಂದರೆ ಇಷ್ಟು ಹತ್ತಿರ. ಆಮೇಲೆ ಒಂದಷ್ಟು ನಟಿಯರ ಫೋಟೋ ಸೇರಿಸಿ ಒಂದು ಪಟ್ಟಿ ಮಾಡಿದೆ. ಎಲ್ಲರಿಗಿಂತ ಹತ್ತಿರ ಬಂದವರು 0.57. ಎರಡನೆಯವರು 0.59, ಮೂರನೆಯವರು 0.61. ಅಂದರೆ ಮೊದಲ ಇಬ್ಬರನ್ನು ಕಂಪ್ಯೂಟರ್ "ಇದು ನೀನೇ" ಅಂತ ಹೇಳಿತು! ಇಬ್ಬರೂ ನಾನಂತೆ.

ಮಜಾ ಏನಪ್ಪಾ ಅಂದರೆ, ಮೊದಲು ಬಂದ ಆ ನಟಿಯದೇ ಹಳೇ ಕಪ್ಪುಬಿಳುಪು ಫೋಟೋ ಒಂದನ್ನು, ವಯಸ್ಸಾದ ಮೇಲಿನ ಫೋಟೋ ಒಂದರ ಜೊತೆ ಹಾಕಿದರೆ 0.55 ಬಂತು. ಅವರಿಗೂ ನನಗೂ ಇರುವ ದೂರ, ಅವರಿಗೂ ಅವರಿಗೂ ಇರುವ ದೂರ ಹೆಚ್ಚುಕಡಿಮೆ ಒಂದೇ.

ಈಗ ಶೇಕಡಾ ವಿಷಯ. ದೂರವನ್ನು ಶೇಕಡಾ ಮಾಡಲು ಆ ಲೈಬ್ರರಿಯ ವಿಕಿಯಲ್ಲೇ ಒಂದು ಸೂತ್ರ ಕೊಟ್ಟಿದ್ದಾರೆ. ಸ್ವಲ್ಪ ಚಿಕ್ಕದು ಮಾಡಿ ಬರೆದರೆ ಹೀಗೆ:

```python
def shekada(d, t=0.6):
    if d > t:
        return (1 - d) / ((1 - t) * 2)
    x = 1 - d / (t * 2)
    return x + (1 - x) * ((x - 0.5) * 2) ** 0.2
```

ನನ್ನ ಸಂಖ್ಯೆಗಳನ್ನು ಇದಕ್ಕೆ ಹಾಕಿ ನೋಡಿ. 0.36 ಅಂದರೆ 95%. 0.57ಕ್ಕೆ ಸುಮಾರು 79%. 0.59ಕ್ಕೆ 73%. 0.61ಕ್ಕೆ ಧೊಪ್ಪಂತ 49%! ಎರಡನೇ ನಟಿಗೂ ಮೂರನೇ ನಟಿಗೂ ದೂರದಲ್ಲಿ 0.02 ವ್ಯತ್ಯಾಸ. ಶೇಕಡಾದಲ್ಲಿ ನೋಡಿದರೆ ಒಬ್ಬಳು ತಂಗಿ, ಇನ್ನೊಬ್ಬಳು ಯಾರೋ. ಯಾಕೆ ಹೀಗೆ? ಆ 0.2 ಘಾತ ಇದೆಯಲ್ಲ, ಅದು ಗೆರೆಯ ಹತ್ತಿರ ಸಂಖ್ಯೆಯನ್ನು ಕಡಿದಾಗಿ ಏರಿಸುತ್ತದೆ. ಬೇರೆ ಸೂತ್ರ ಬರೆದರೆ ಬೇರೆ ಶೇಕಡಾ. ನೀವು 0.2 ಬದಲು 0.1 ಹಾಕಿ, ಅದೇ 0.57 ದೂರ 88% ಆಗುತ್ತದೆ. ಮುಖ ಬದಲಾಗಲಿಲ್ಲ, ದೂರ ಬದಲಾಗಲಿಲ್ಲ.

ತೀರ್ಥಹಳ್ಳಿ_ಹುಡುಗ

ಅಕ್ಕಾ, ಇದು ಸೂಪರ್. ಅಂದರೆ ಭಾವನ 87% ಅನ್ನುವುದು ಸಾಧ್ಯತೆಯೂ ಅಲ್ಲ, ನೂರಕ್ಕೆ 87 ಭಾಗ ಮುಖ ಹೋಲುತ್ತದೆ ಅಂತಲೂ ಅಲ್ಲ. ಯಾರೋ ಒಬ್ಬ ಡೆವಲಪರ್ ಕೂತು ಬರೆದ ಸೂತ್ರದಿಂದ ಬಂದದ್ದು.

ಡಬ್ಲಿನ್_ಕನ್ನಡತಿ

ನಿಮ್ಮ ಆ್ಯಪ್ ಒಳಗೆ ಯಾವ ಸೂತ್ರ ಇದೆಯೋ ಹೊರಗಿನಿಂದ ಕಾಣುವುದಿಲ್ಲ. ಆದರೆ ಪರೀಕ್ಷೆ ಮಾಡಬಹುದು. ಭಾವನದೇ ಎರಡು ಫೋಟೋಗೆ ಎಷ್ಟು ಶೇಕಡಾ ಕೊಡುತ್ತದೆ ಅಂತ ತೋರಿಸುವ ಆ್ಯಪ್ ಆಗಿದ್ದರೆ ಮೊದಲು ಅದನ್ನು ನೋಡಿ. ಆಗ 87 ದೊಡ್ಡದೋ ಚಿಕ್ಕದೋ ಗೊತ್ತಾಗುತ್ತದೆ. ಇಲ್ಲದಿದ್ದರೆ ಗೋಡೆ ಮೇಲಿನ ಕ್ಯಾಲೆಂಡರಿನ ದೇವರ ಚಿತ್ರ ಹಾಕಿ. ಅದಕ್ಕೂ ಒಬ್ಬ ಸ್ಟಾರ್ 80% ಮೇಲೆ ಬಂದರೆ ಉತ್ತರ ಸಿಕ್ಕಿತಲ್ಲ.

ಅಕ್ಕಿರೊಟ್ಟಿ

ನಾನು ಮೊದಲೇ ಹೇಳಿರಲಿಲ್ವಾ, ಖುಷಿಗೆ ಕೊಡೋದು ಅಂತ.

ಸಂಶಯ_ಶರ್ಮ

ನೀವು ಹೇಳಿದ್ದು ರ‍್ಯಾಂಡಮ್ ಅಂತ. ಇದು ರ‍್ಯಾಂಡಮ್ ಅಲ್ಲ. ಅದೇ ಫೋಟೋ ಮತ್ತೆ ಹಾಕಿದರೆ ಅದೇ ಉತ್ತರ ಬರಬೇಕು. ಎರಡೂ ಬೇರೆ.

ಅಕ್ಕಿರೊಟ್ಟಿ

ಆಯ್ತು ಮಹಾರಾಯರೇ 🙏

ಸುಮಾ_ಹಾಸನ

ನನ್ನ ಮಗಳಿಗೆ ನಾಲ್ಕು ವರ್ಷ. ಅವಳ ಫೋಟೋ ಹಾಕಿದರೆ ಯಾವಾಗಲೂ ಒಂದೇ ಇಬ್ಬರು ಮೂವರು ನಟಿಯರು ಬರುತ್ತಾರೆ. ಪಕ್ಕದ ಮನೆ ಮಗುವಿಗೂ ಅವರೇ! ಎರಡು ಮಕ್ಕಳಿಗೂ ಎಲ್ಲಿಂದ ಎಲ್ಲಿಗೆ ಹೋಲಿಕೆ?

ಡಬ್ಲಿನ್_ಕನ್ನಡತಿ

ಇದಕ್ಕೆ ಕಾರಣ ಇದೆ ಸುಮಾ. ನಾನು ಹೇಳಿದ ಲೈಬ್ರರಿ ಮಾಡಿದವರೇ ಬರೆದಿದ್ದಾರೆ: ಮಾದರಿಯನ್ನು ದೊಡ್ಡವರ ಮುಖಗಳಿಂದ ತಯಾರು ಮಾಡಿದ್ದು, ಮಕ್ಕಳಿಗೆ ಚೆನ್ನಾಗಿ ಕೆಲಸ ಮಾಡುವುದಿಲ್ಲ, 0.6 ಗೆರೆ ಇಟ್ಟರೆ ಮಕ್ಕಳನ್ನು ಒಬ್ಬರಿಗೊಬ್ಬರು ಅದಲು ಬದಲು ಮಾಡಿಬಿಡುತ್ತದೆ ಅಂತ. ಕಲಿಯುವಾಗ ಮಕ್ಕಳ ಮುಖಗಳನ್ನು ಬೇರೆ ಬೇರೆ ಮಾಡಿ ನೋಡುವ ಅಭ್ಯಾಸ ಆಗಿಲ್ಲ. ಹಾಗಾಗಿ ಮಕ್ಕಳೆಲ್ಲ ಒಂದೇ ಮೂಲೆಗೆ ಹೋಗಿ ಕೂರುತ್ತಾರೆ. ಆ ಮೂಲೆಗೆ ಹತ್ತಿರ ಇರುವ ದುಂಡು ಮುಖದ ನಟಿಯರು ಎಲ್ಲ ಮಕ್ಕಳಿಗೂ ಸಿಗುತ್ತಾರೆ.

ಬೀದರ್_ಬಾದಷಾ

ನಮ್ಮ ದೇಶದವರಿಗೂ ಇದೇ ಕತೆ ಇರಬೇಕಲ್ಲ. ತರಬೇತಿ ಕೊಟ್ಟಿದ್ದು ಹೆಚ್ಚಾಗಿ ಹಾಲಿವುಡ್‌ನವರ ಫೋಟೋ.

ಕೋಡ್‌ಬಳೆ

ಈ ಸಲ ಬಾದಷಾ ಪೂರ್ತಿ ಸರಿ. ಎರಡು ಕಡೆ ಪೆಟ್ಟು ಬೀಳುತ್ತದೆ. ಒಂದು, ನೀವು ಹೇಳಿದ ಹಾಗೆ ಕಲಿಕೆಯಲ್ಲಿ. ಅಮೆರಿಕದ ಎನ್‌ಐಎಸ್‌ಟಿ ಅನ್ನುವ ಸರ್ಕಾರಿ ಮಾನಕ ಸಂಸ್ಥೆ 2019ರ ಡಿಸೆಂಬರ್‌ನಲ್ಲಿ ಒಂದು ವರದಿ ಹೊರತಂದಿತು. ಬೇರೆಯವರನ್ನು ಅದೇ ವ್ಯಕ್ತಿ ಅಂದುಬಿಡುವ ತಪ್ಪು ಎಷ್ಟೋ ಅಲ್ಗಾರಿದಮ್‌ಗಳಲ್ಲಿ ಒಂದು ಜನಾಂಗದಿಂದ ಇನ್ನೊಂದಕ್ಕೆ ಹತ್ತು ಪಟ್ಟು, ನೂರು ಪಟ್ಟುವರೆಗೂ ಬದಲಾಗುತ್ತದೆ ಅಂತ ಅದರಲ್ಲಿತ್ತು. ಡಬ್ಲಿನ್ ಮೇಡಂಗೆ 0.57 ಬಂದದ್ದರಲ್ಲಿ ಇದರ ಪಾಲೂ ಇರಬಹುದು. ಈ ಲೈಬ್ರರಿಯಲ್ಲಿ ನಮ್ಮವರ ಮುಖಕ್ಕೆ ನಾನು 0.6 ಇಡುವುದೇ ಇಲ್ಲ, 0.5ರ ಆಸುಪಾಸು ಇಡುತ್ತೇನೆ.

ಇನ್ನೊಂದು, ಪಟ್ಟಿಯಲ್ಲಿ. 2018ರ ಜನವರಿಯಲ್ಲಿ ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್ ಆ್ಯಪ್‌ನಲ್ಲಿ ನಿಮ್ಮ ಸೆಲ್ಫಿಗೆ ಹೋಲುವ ಪೇಂಟಿಂಗ್ ತೋರಿಸುವ ಆಟ ತುಂಬಾ ಹಬ್ಬಿತು, ನೆನಪಿದೆಯಾ? ಬಿಳಿಯರಿಗೆ ಬಗೆಬಗೆಯ ರಾಜರು, ಶ್ರೀಮಂತರು ಸಿಕ್ಕರು. ಏಷ್ಯಾ, ಆಫ್ರಿಕಾ ಮೂಲದವರಿಗೆ ಅವವೇ ಕೆಲವು ಚಿತ್ರಗಳು ಸಿಗುತ್ತಿದ್ದವು ಅಂತ ದೂರು ಬಂತು. ಮ್ಯೂಸಿಯಂ ಸಂಗ್ರಹದಲ್ಲಿ ಇರುವುದೇ ಯುರೋಪಿನ ಚಿತ್ರಗಳು ಜಾಸ್ತಿ. ಪಟ್ಟಿಯಲ್ಲಿ ಇಲ್ಲದವರು ಉತ್ತರವಾಗಿ ಬರಲು ಹೇಗೆ ಸಾಧ್ಯ? ಹುಡುಗನ ಭಾವನಿಗೆ ಶಂಕರ್‌ನಾಗ್ ಬಂದರು ಅಂದರೆ ಆ ಆ್ಯಪ್‌ನವರು ಕನ್ನಡದವರನ್ನೂ ಸೇರಿಸಿದ್ದಾರೆ ಅನ್ನುವುದಷ್ಟೇ ಖಾತ್ರಿ.

ಫಿಲ್ಮಿ_ಮಂಜ

ಆ ಪೇಂಟಿಂಗ್ ಆಟ ಅಮೆರಿಕದ ಕೆಲವು ಕಡೆ ಬರಲೇ ಇಲ್ಲ ಅಂತ ನಮ್ಮ ಅತ್ತಿಗೆ ಹೇಳಿದ್ದರು. ಅವರು ಆಗ ಶಿಕಾಗೋದಲ್ಲಿದ್ದರು. ಊರೆಲ್ಲ ಫೋಟೋ ಹಾಕುತ್ತಿದ್ದರೆ ಇವರ ಫೋನಲ್ಲಿ ಆ ಬಟನ್ನೇ ಇಲ್ಲ.

ಕೋಡ್‌ಬಳೆ

ಹೌದು, ಇಲಿನಾಯ್ ಮತ್ತು ಟೆಕ್ಸಾಸ್‌ನಲ್ಲಿ ಕೊಟ್ಟಿರಲಿಲ್ಲ. ಇಲಿನಾಯ್‌ನಲ್ಲಿ 2008ರಿಂದಲೇ ಬಯೋಮೆಟ್ರಿಕ್ ಕಾನೂನು ಇದೆ, ಮುಖದ ಅಳತೆ ತೆಗೆಯಲು ಮೊದಲು ಬರಹದಲ್ಲಿ ಒಪ್ಪಿಗೆ ಬೇಕು. ನೋಡಿ, ಆಟಕ್ಕೆ ಅಂತ ತೆಗೆದರೂ ಆ ಸಂಖ್ಯೆಗಳು ಗುರುತು ಹಿಡಿಯಲು ಬಳಸುವ ಸಂಖ್ಯೆಗಳ ಜಾತಿಯವೇ. ಹೆಸರಿಗೆ ಸ್ಟಾರ್ ಆ್ಯಪ್ ಅಂತ ಭಾವಚಿತ್ರ ಕೊಡುವಾಗ ಇದು ತಲೆಯಲ್ಲಿರಲಿ.

ಮಂಡ್ಯದ_ಮಾತು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಿಮಗೆಲ್ಲ ಇದು ತಮಾಷೆ. ನಾನು ಕೆಲಸ ಮಾಡುವ ಕಡೆ ಗೇಟಿನಲ್ಲಿ ಮುಖ ತೋರಿಸಿ ಹಾಜರಿ ಹಾಕಬೇಕು. ನಾನೂ ನನ್ನ ತಂಗಿಯೂ ಒಂದೇ ಶಿಫ್ಟು. ನಾನು ನಿಂತರೆ ಒಂದೊಂದು ದಿನ ತಂಗಿ ಹೆಸರು ಬೀಳುತ್ತದೆ. ತಿಂಗಳ ಕೊನೆಗೆ ನನಗೆ ಗೈರುಹಾಜರಿ, ಸಂಬಳ ಕಟ್. ಸೂಪರ್‌ವೈಸರ್‌ಗೆ ಹೇಳಿದರೆ "ಮಿಷನ್ ತಪ್ಪು ಮಾಡಲ್ಲಮ್ಮ, 90 ಪರ್ಸೆಂಟ್ ತೋರಿಸ್ತಿದೆ" ಅನ್ನುತ್ತಾರೆ. ಅದೂ ನಿಮ್ಮ ಸ್ಟಾರ್ ಆ್ಯಪ್ ಥರಾನೇ ಕೆಲಸ ಮಾಡುತ್ತಿದೆಯಾ?

ಕೋಡ್‌ಬಳೆ

ಅಕ್ಕ, ನೀವು ಹೇಳುವುದು ಕೇಳಿದರೆ ಸುಮಾರಾಗಿ ಹಾಗೇ ಅನ್ನಿಸುತ್ತದೆ. ಮಿಷನ್ ನಿಮ್ಮ ಮುಖವನ್ನು ಕಾರ್ಖಾನೆಯ ಎಲ್ಲರ ಪಟ್ಟಿಯ ಜೊತೆ ಹೋಲಿಸಿ ಹತ್ತಿರದವರನ್ನು ಎತ್ತುತ್ತಿದೆ. ಗೆರೆ ಏನೋ ಇರುತ್ತದೆ, ಆದರೆ ಅಕ್ಕತಂಗಿ ಇಬ್ಬರೂ ಅದರೊಳಗೆ ಬಂದುಬಿಟ್ಟಿದ್ದೀರಿ. ನೋಂದಣಿ ದಿನ ನಿಮ್ಮ ಫೋಟೋ ಮಬ್ಬು ಬೆಳಕಲ್ಲಿ ತೆಗೆದು, ತಂಗಿಯದು ಚೆನ್ನಾಗಿ ಬಂದಿದ್ದರೆ ನೀವು ನಿಂತಾಗಲೂ ತಂಗಿಯೇ ಹತ್ತಿರ ಬರಬಹುದು. 90 ಅಂತ ತೋರಿಸುವುದು ತಂಗಿಯ ಫೋಟೋಗೆ ನೀವು ಎಷ್ಟು ಹತ್ತಿರ ಅಂತ. ಅಲ್ಲಿ ನಿಂತವರು ತಂಗಿಯೇ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ.

ನಿರ್ವಾಹಕರಿಗೆ ಇದನ್ನು ಹೇಳಿ: ನೀವು ನಿಂತಾಗ ಮೊದಲ ಹೆಸರಿಗೆ ಎಷ್ಟು, ಎರಡನೇ ಹೆಸರಿಗೆ ಎಷ್ಟು ಬಂತು ಅಂತ ದಾಖಲೆ ತೆಗೆಸಿ. ಎರಡೂ ಹತ್ತಿರ ಹತ್ತಿರ ಇದ್ದರೆ ಆ ಹಾಜರಿಯನ್ನು ಯಂತ್ರ ತೀರ್ಮಾನಿಸಬಾರದು. ಇನ್ನೂ ಸುಲಭದ ದಾರಿ, ಮೊದಲು ನೌಕರ ಸಂಖ್ಯೆ ಒತ್ತಿಸಿ ಆಮೇಲೆ ಮುಖ ನೋಡಲಿ. ಆಗ ಯಂತ್ರ ನಿಮ್ಮನ್ನು ನಿಮ್ಮ ಫೋಟೋ ಜೊತೆ ಮಾತ್ರ ಹೋಲಿಸುತ್ತದೆ, ತಂಗಿ ಹೆಸರು ಬೀಳುವ ಪ್ರಶ್ನೆಯೇ ಇಲ್ಲ. ನೋಂದಣಿಯ ಫೋಟೋವನ್ನೂ ಗೇಟಿನ ಬೆಳಕಲ್ಲೇ ಹೊಸದಾಗಿ ತೆಗೆಸಿ.

ಸಂಶಯ_ಶರ್ಮ

ಆ ಸೂಪರ್‌ವೈಸರ್‌ಗೆ ಅಮೆರಿಕದ ಸಂಸದರ ಕತೆ ಹೇಳಿ. 2018ರಲ್ಲಿ ಎಸಿಎಲ್‌ಯು ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಅಮೆಜಾನ್‌ನ ರೆಕಗ್ನಿಷನ್ ಸೇವೆಯನ್ನು ಪರೀಕ್ಷೆ ಮಾಡಿತು. ಬಂಧಿತರ 25,000 ಫೋಟೋಗಳ ಪಟ್ಟಿ ಇಟ್ಟು ಸಂಸದರ ಫೋಟೋ ಹಾಕಿದರೆ 28 ಜನ ಸಂಸದರಿಗೆ ಯಾರೋ ಬಂಧಿತನ ಮುಖ ಹೊಂದಿಕೆಯಾಯಿತು. ಅದರಲ್ಲಿ ಜಾನ್ ಲೂಯಿಸ್ ಅವರಂಥ ನಾಗರಿಕ ಹಕ್ಕು ಹೋರಾಟಗಾರರೂ ಇದ್ದರು. ಬಳಸಿದ ಗೆರೆ ಸೇವೆಯಲ್ಲಿ ಮೊದಲೇ ಇಟ್ಟಿದ್ದ 80%. ಪೊಲೀಸ್ ಕೆಲಸಕ್ಕೆ 99% ಇಡಬೇಕು ಅಂತ ಆಮೇಲೆ ಅಮೆಜಾನ್ ಹೇಳಿತು.

ಬೀದರ್_ಬಾದಷಾ

ಅಂದರೆ 80% ಹೋಲಿಕೆ ಅನ್ನುವುದನ್ನು 80% ಖಾತ್ರಿ ಅಂತ ಓದಿದರೆ ಅನಾಹುತ.

ಸಂಶಯ_ಶರ್ಮ

ಹೌದು. ಪಟ್ಟಿ ದೊಡ್ಡದಾದಷ್ಟೂ ಇನ್ನೂ ಅನಾಹುತ. 25,000 ಜನರಲ್ಲಿ ಹುಡುಕಿದರೆ ನಿಮಗೆ ಹತ್ತಿರ ಇರುವ ಅಪರಿಚಿತ ಒಬ್ಬ ಸಿಗುವುದು 50 ಜನರಲ್ಲಿ ಹುಡುಕಿದ್ದಕ್ಕಿಂತ ಸುಲಭ. ಸ್ಟಾರ್ ಆ್ಯಪ್‌ನವನಿಗೆ ಅದೇ ಬೇಕು. ಪೊಲೀಸರಿಗೆ ಅದೇ ಬೇಡ.

ಡಬ್ಲಿನ್_ಕನ್ನಡತಿ

ಒಂದು ವಿಷಯ ಇನ್ನೂ ನನಗೆ ತಲೆ ಕೊರೆಯುತ್ತಿದೆ. ಯಂತ್ರದ ಹತ್ತಿರ, ಮನುಷ್ಯರ ಹೋಲಿಕೆ ಇವೆರಡು ಬೇರೆ ಅಂತ ಕೋಡ್‌ಬಳೆ ಹೇಳಿದರು. ಆದರೆ ಪೂರ್ತಿ ಬೇರೆಯೂ ಅಲ್ಲ. ಕೆನಡಾದ ಛಾಯಾಗ್ರಾಹಕ ಫ್ರಾನ್ಸ್ವಾ ಬ್ರುನೆಲ್ ರಕ್ತ ಸಂಬಂಧ ಇಲ್ಲದೆ ಒಂದೇ ಥರ ಕಾಣುವ ಜೋಡಿಗಳ ಫೋಟೋ ವರ್ಷಗಟ್ಟಲೆ ತೆಗೆದಿದ್ದಾರೆ. ಬಾರ್ಸಿಲೋನಾದ ಸಂಶೋಧಕರು ಆ ಜೋಡಿಗಳಲ್ಲಿ 32 ಅನ್ನು ಮೂರು ಬೇರೆ ಬೇರೆ ಮುಖ ಗುರುತಿಸುವ ವ್ಯವಸ್ಥೆಗಳಿಗೆ ಹಾಕಿದರು. 16 ಜೋಡಿಗಳನ್ನು ಮೂರೂ ಒಪ್ಪಿಕೊಂಡವು. 2022ರಲ್ಲಿ ಅದು ಪ್ರಕಟವಾಯಿತು. ಆ 16 ಜೋಡಿಗಳ ವಂಶವಾಹಿಗಳಲ್ಲೂ ಹೋಲಿಕೆ ಜಾಸ್ತಿ ಇತ್ತಂತೆ.

ಕೋಡ್‌ಬಳೆ

ಗೊತ್ತು, ಓದಿದ್ದೇನೆ. ಅದನ್ನು ಎರಡೂ ಕಡೆ ಎಳೆಯಬಹುದು. ನಮ್ಮ ಕಣ್ಣಿಗೆ ಅವಳಿಗಳ ಹಾಗೆ ಕಾಣುವ ಜೋಡಿಗಳಲ್ಲೇ ಅರ್ಧ ಮಾತ್ರ ಮೂರೂ ಯಂತ್ರಗಳಿಗೆ ಒಪ್ಪಿಗೆಯಾದವು ಅಂತ ನಾನು ಹೇಳುತ್ತೇನೆ.

ಡಬ್ಲಿನ್_ಕನ್ನಡತಿ

ಅರ್ಧ ಅಂದರೆ ಕಡಿಮೆಯಾ? ರಸ್ತೆಯಲ್ಲಿ ಸಿಕ್ಕ ಯಾವುದೋ 32 ಜೋಡಿ ಹಾಕಿದ್ದರೆ ಒಂದೂ ಒಪ್ಪಿಗೆಯಾಗುತ್ತಿರಲಿಲ್ಲವೇನೋ.

ಕೋಡ್‌ಬಳೆ

ಅದೂ ನಿಜ. ಹೋಲಿಕೆಯನ್ನೇ ಅಳೆಯಬೇಕು ಅಂದರೆ ಜನರನ್ನು ಕೂರಿಸಿ "ಈ ಇಬ್ಬರಲ್ಲಿ ಯಾರು ಇವರ ಥರ" ಅಂತ ಕೇಳಿ, ಆ ಉತ್ತರಗಳಿಂದಲೇ ಯಂತ್ರಕ್ಕೆ ಕಲಿಸಬೇಕು. ಆಗಲೂ ನಿಮ್ಮ ಅಮ್ಮನಿಗೂ ಅತ್ತೆಗೂ ಒಮ್ಮತ ಬರುತ್ತದಾ ನೋಡಿ. ಮಗು ಹುಟ್ಟಿದ ಮನೆಯಲ್ಲಿ ಮೂಗು ಯಾರ ಕಡೆಯದು ಅನ್ನುವ ಜಗಳ ನೋಡಿದ್ದೀರಲ್ಲ.

ಡಬ್ಲಿನ್_ಕನ್ನಡತಿ

ಒಮ್ಮತ ಬರದಿದ್ದರೂ ಸರಾಸರಿ ಬರುತ್ತದೆ. ನಾನು ಇನ್ನೂ ಒಪ್ಪಿಲ್ಲ.

ಮಂಡ್ಯದ_ಮಾತು

ಕೋಡ್‌ಬಳೆ ಅಣ್ಣ, ಎರಡನೇ ಹೆಸರಿನ ಅಂಕ ನಮ್ಮ ಮಿಷನ್‌ನಲ್ಲಿ ಕಾಣಲ್ಲ. ಮೊದಲ ಹೆಸರು, ಫೋಟೋ ಮಾತ್ರ ತೋರಿಸುತ್ತದೆ. ಏನು ಮಾಡಲಿ?

ಕೋಡ್‌ಬಳೆ

ಪರದೆ ಮೇಲೆ ಕಾಣಲ್ಲ ಅಕ್ಕ, ಎಷ್ಟೋ ಯಂತ್ರಗಳಲ್ಲಿ ಒಳಗಿನ ಲಾಗ್‌ನಲ್ಲಿ ಇರುತ್ತದೆ. ಅಳವಡಿಸಿದ ಕಂಪನಿಯವರೇ ತೆಗೆದುಕೊಡಬೇಕು. ಅಲ್ಲಿವರೆಗೆ ನೀವಿಬ್ಬರೂ ಒಂದು ಕೆಲಸ ಮಾಡಿ. ಸೂಪರ್‌ವೈಸರ್ ಎದುರಿಗೇ ನೀವು ಒಂದು ಸಲ, ತಂಗಿ ಒಂದು ಸಲ, ಮತ್ತೆ ನೀವು, ಹೀಗೆ ಸರದಿಯಲ್ಲಿ ನಿಂತು ತೋರಿಸಿ. ನೀವು ನಿಂತಾಗ ತಂಗಿ ಹೆಸರು ಬೀಳುವುದನ್ನು ಅವರೇ ಕಣ್ಣಾರೆ ನೋಡಲಿ. ಅದನ್ನು ವಿಡಿಯೋ ಮಾಡಿಕೊಂಡು, ಸಂಬಳ ಕಟ್ ಆದ ದಿನಾಂಕಗಳ ಜೊತೆ ಬರಹದಲ್ಲಿ ದೂರು ಕೊಡಿ. ಗೇಟಿನ ಸಿಸಿಟಿವಿ ಅಳಿಸಿಹೋಗುವ ಮುಂಚೆ ಅದನ್ನೂ ಕೇಳಿಟ್ಟುಕೊಳ್ಳಿ.

ಮಂಡ್ಯದ_ಮಾತು

ಆಯ್ತು ಅಣ್ಣ. ನಾಳೆ ಇಬ್ಬರದೂ ಬೆಳಗಿನ ಶಿಫ್ಟು, ಕೇಳುತ್ತೇನೆ.

ರಂಗಣ್ಣ60

ಪಿನ್ ಹಾಕಿದೆ. ತಮ್ಮನಿಗೆ ಪಿನ್ನೂ ಗೊತ್ತು.